ಇಯರ್‌ಫೋನ್ ರಿಪೇರಿಗೆ ಕೊಡುವವರು ಗಮನಿಸಿ: ಎರಡೂ ಕಡೆ ಸದ್ದು ಬಂದರೆ ಸಾಲದು

ಅಂಗಡಿಯಲ್ಲಿ ಇಯರ್‌ಫೋನನ್ನು ಕಿವಿಗಿಟ್ಟು, ಎಡಕ್ಕೂ ಬಲಕ್ಕೂ ಸದ್ದು ಬರುತ್ತಿದೆ ಎಂದು ಖಚಿತಪಡಿಸಿಕೊಂಡು ಹಣ ಕೊಟ್ಟು ಬರುವವರೆಲ್ಲರೂ ದಯವಿಟ್ಟು ಇದನ್ನು ಓದಿ. ರಿಪೇರಿಗೆ ನಾನು ಕೊಟ್ಟ ಹಣ 250 ರೂಪಾಯಿ. ಹಣ ಹೋದದ್ದಕ್ಕಿಂತ, ಕಿವಿಯೇ ಸರಿಯಿಲ್ಲ ಎಂಬಂತೆ ಗಿರಾಕಿಗಳ ಎದುರಿಗೆ ಅನ್ನಿಸಿಕೊಂಡು ಬಂದೆನಲ್ಲ, ಆ ಸಿಟ್ಟು ಇನ್ನೂ ಇಳಿದಿಲ್ಲ.

ನನ್ನದು ಮೈಕ್ ಇಲ್ಲದ, ವೈರಿನ, ಕಿವಿಯೊಳಗೆ ಕೂರುವ ಸಾಧಾರಣ ಇಯರ್‌ಫೋನ್. ಬಲಗಡೆಯ ವೈರ್ ಕಿವಿಗಿಡುವ ಪುಟ್ಟ ಗೂಡಿನೊಳಗೆ ಹೋಗುವ ಜಾಗದಲ್ಲಿ ತುಂಡಾಗಿ ಸದ್ದು ಬಂದು ಹೋಗಿ ಮಾಡುತ್ತಿತ್ತು. ಇಂಥ ರಿಪೇರಿಯಲ್ಲಿ ಗೂಡನ್ನು ಬಿಡಿಸಿ, ತುಂಡಾದ ಭಾಗವನ್ನು ಕತ್ತರಿಸಿ, ಎಳೆಗಳ ಮೇಲಿನ ಬಣ್ಣದ ಅರಗನ್ನು ಸುಟ್ಟು ತೆಗೆದು, ಸದ್ದು ಹೊರಡಿಸುವ ಭಾಗವಾದ ಡ್ರೈವರಿನ ಹಿಂದಿರುವ ಎರಡು ಬಿಂದುಗಳಿಗೆ ಮತ್ತೆ ಬೆಸುಗೆ ಹಾಕಿ, ಗೂಡನ್ನು ಅಂಟಿಸಿ ಕೊಡುತ್ತಾರೆ. ಅಂಗಡಿಯವರೂ ಹಾಗೆಯೇ ಮಾಡಿ ಕೊಟ್ಟರು. ಎರಡೂ ಕಡೆ ಸದ್ದು ಬಂತು, ಹಣ ಕೊಟ್ಟು ಬಂದೆ.

ಮನೆಗೆ ಬಂದು ನಿಧಾನವಾಗಿ ಹಾಡು ಕೇಳಿದಾಗ ಮೃದಂಗದ ತೊಪ್ಪಿಯ ಗುಂ ಎನ್ನುವ ತಗ್ಗಿನ ನಾದ ಎಲ್ಲಿಯೂ ಇರಲಿಲ್ಲ. ಚಾಪುವಿನ ಟಣತ್ಕಾರ ಮಾತ್ರ ಕೇಳುತ್ತಿತ್ತು, ಗಾಯಕರ ದನಿ ತಲೆಯ ನಡುವೆ ನಿಲ್ಲದೆ ಎರಡು ಕಿವಿಗಳ ಆಚೆಗೆ ಹರಡಿಕೊಂಡಂತಿತ್ತು. ಅದೇ ಫೋನಿಗೆ, ಅದೇ ಹಾಡಿಗೆ ತಮ್ಮನ ಇಯರ್‌ಫೋನ್ ಹಾಕಿದರೆ ಎಲ್ಲವೂ ಸರಿಯಾಗಿತ್ತು. ಆದ್ದರಿಂದ ತಪ್ಪು ಫೋನಿನದ್ದಲ್ಲ, ಹಾಡಿನದ್ದಲ್ಲ, ನನ್ನ ಕಿವಿಯದ್ದಂತೂ ಖಂಡಿತ ಅಲ್ಲ.

ಹಿಂದಿರುಗಿ ಹೋಗಿ ಹೇಳಿದೆ. ಮೊದಲ ಉತ್ತರ, "ಬೇಸ್ ಇರೋದೇ ಅಷ್ಟು ಸಾರ್, ಈ ರೇಟಿನ ಪೀಸಲ್ಲಿ." ರಿಪೇರಿಗೆ ಮೊದಲು ಚೆನ್ನಾಗಿತ್ತು ಎಂದಾಗ ಎರಡನೆಯ ಉತ್ತರ, "ಎರಡು ದಿನ ಹಾಡು ಹಾಕಿ ಬಿಡಿ, ಸೆಟ್ ಆಗುತ್ತೆ." ಸರಿಮಾಡಿದ್ದು ವೈರ್, ಡ್ರೈವರ್ ಅಲ್ಲ, ಅದರಲ್ಲಿ ಸೆಟ್ ಆಗಲು ಏನಿದೆ? ಹಾಗೆಂದು ಕೇಳಿದ್ದಕ್ಕೆ ಅವರು ಮಲ್ಟಿಮೀಟರ್ ತೆಗೆದರು. ಎಡಗಡೆಗೆ ಹಿಡಿದರು, 16 ಓಮ್ ಆಸುಪಾಸು ತೋರಿಸಿತು. ಬಲಗಡೆಗೆ ಹಿಡಿದರು, ಅಷ್ಟೇ ತೋರಿಸಿತು. ಮೀಟರಿನ ಮುಖವನ್ನು ನನ್ನ ಕಡೆಗೆ ತಿರುಗಿಸಿ, "ನೋಡಿ ಸಾರ್, ಎರಡೂ ಒಂದೇ. ಮೀಟರ್ ಸುಳ್ಳು ಹೇಳುತ್ತಾ?" ಎಂದರು. ಪಕ್ಕದಲ್ಲಿ ನಿಂತಿದ್ದವರು ನಕ್ಕರು. ನಾನು ಬಾಯಿ ಮುಚ್ಚಿಕೊಂಡು ಬಂದೆ.

ಆ ಮೀಟರಿನ ಆಟವೇ ನನ್ನನ್ನು ಮೋಸಗೊಳಿಸಿದ್ದು. ಮೀಟರ್ ಸುಳ್ಳು ಹೇಳುವುದಿಲ್ಲ, ಆದರೆ ನಾವು ಕೇಳದ ಪ್ರಶ್ನೆಗೆ ಉತ್ತರವನ್ನೂ ಹೇಳುವುದಿಲ್ಲ. ಡ್ರೈವರಿನೊಳಗಿನ ಸುರುಳಿಯ ರೋಧವನ್ನು ಯಾವ ತುದಿಯಿಂದ ಅಳೆದರೂ ಅಂಕಿ ಅಷ್ಟೇ ಬರುತ್ತದೆ. ಪ್ಲಸ್ ಬಿಂದುವಿಗೆ ಸೇರಬೇಕಾದ ಕೆಂಪು ಎಳೆ ಮೈನಸ್ಸಿಗೆ, ಮೈನಸ್ಸಿಗೆ ಸೇರಬೇಕಾದ ತಾಮ್ರದ ಎಳೆ ಪ್ಲಸ್ಸಿಗೆ ಬೆಸೆದುಕೊಂಡಿದ್ದರೂ 16 ಓಮ್ 16 ಓಮೇ. ಎಳೆ ತುಂಡಾಗಿದೆಯೇ, ಶಾರ್ಟ್ ಆಗಿದೆಯೇ ಎಂಬುದನ್ನು ಮಾತ್ರ ಆ ಪರೀಕ್ಷೆ ತಿಳಿಸುತ್ತದೆ, ಅದಲುಬದಲಾಗಿದೆಯೇ ಎಂಬುದನ್ನು ತಿಳಿಸುವುದಿಲ್ಲ.

ಹೀಗೆ ಒಂದು ಕಡೆ ಮಾತ್ರ ಅದಲುಬದಲಾದರೆ, ಎಡಗಡೆಯ ಡ್ರೈವರಿನ ಪೊರೆ ಹೊರಗೆ ತಳ್ಳುವ ಕ್ಷಣದಲ್ಲಿ ಬಲಗಡೆಯದು ಒಳಗೆ ಎಳೆಯುತ್ತದೆ. ಹೆಚ್ಚಿನ ಹಾಡುಗಳಲ್ಲಿ ಬೇಸ್ ಮತ್ತು ಮುಖ್ಯ ದನಿಯನ್ನು ಎರಡೂ ಕಡೆಗೆ ಸಮನಾಗಿ ಇಟ್ಟಿರುತ್ತಾರೆ, ಆದ್ದರಿಂದ ಪೆಟ್ಟು ಬೀಳುವುದು ಅವುಗಳಿಗೇ. ಸ್ಪೀಕರುಗಳಲ್ಲಾದರೆ ಅಂಥ ಬೇಸ್ ಕೋಣೆಯ ಗಾಳಿಯಲ್ಲೇ ಒಂದನ್ನೊಂದು ಹೊಡೆದುಹಾಕುತ್ತದೆ. ಇಯರ್‌ಫೋನಿನಲ್ಲಿ ಎರಡು ಕಿವಿಗಳ ಗಾಳಿ ಬೇರೆ ಬೇರೆಯಾದ್ದರಿಂದ ಹಾಗಾಗುವುದಿಲ್ಲ, ಒಂದೊಂದೇ ಕಿವಿಯಲ್ಲಿ ಕೇಳಿದರೆ ಸದ್ದು ತುಂಬಿಕೊಂಡೇ ಇರುತ್ತದೆ. ಎರಡನ್ನೂ ಒಟ್ಟಿಗೆ ಹಾಕಿಕೊಂಡಾಗ ಮಾತ್ರ ದನಿ ನಡುವೆ ನಿಲ್ಲದೆ ಟೊಳ್ಳಾಗಿ, ಬೇಸ್ ಹಿಂದೆ ಸರಿದಂತೆ ಕೇಳಿಸುತ್ತದೆ.

ಆದರೆ ನನ್ನ ಬಲಗಡೆಯದು ಒಂಟಿಯಾಗಿ ಕೇಳಿದಾಗಲೂ ಸಪ್ಪೆಯಾಗಿತ್ತು, ಹಾಗಾಗಿ ವೈರಿನ ತಪ್ಪೊಂದರಿಂದ ಲೆಕ್ಕ ಸರಿಹೋಗುತ್ತಿರಲಿಲ್ಲ. ಗೂಡನ್ನು ಕಿವಿಯೊಳಕ್ಕೆ ಬೆರಳಿನಿಂದ ಮೆಲ್ಲಗೆ ಒತ್ತಿ ಹಿಡಿದೆ, ತಕ್ಷಣ ಬೇಸ್ ತುಸು ತುಂಬಿಕೊಂಡಿತು, ಬಿಟ್ಟೊಡನೆ ಹೋಯಿತು. ಗಾಳಿ ಸೋರುತ್ತಿದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಗುರುತು ಬೇಕಿಲ್ಲ. ಕಿವಿಯೊಳಗಿನ ಅಷ್ಟು ಸಣ್ಣ ಡ್ರೈವರ್ ಬೇಸ್ ಕೊಡಬಲ್ಲದ್ದೇ ಮುಚ್ಚಿದ ಪುಟ್ಟ ಗಾಳಿಯ ಮೇಲೆ ಒತ್ತಡ ಹಾಕಿ. ಸಂದಿಯಿದ್ದರೆ ಆ ಒತ್ತಡ ಸೋರಿ, ತಗ್ಗಿನ ಸ್ವರಗಳೇ ಮೊದಲು ಹೋಗುತ್ತವೆ, ತಾರದ ಸ್ವರಗಳಿಗೆ ಹೆಚ್ಚೇನೂ ಆಗುವುದಿಲ್ಲ. ನೋಡಿದರೆ ನನ್ನ ಸಿಲಿಕಾನ್ ರಬ್ಬರ್ ಮಾಯವಾಗಿತ್ತು, ಅದರ ಜಾಗದಲ್ಲಿ ಬೇರೆ ಯಾವುದೋ ಸಣ್ಣ ಅಳತೆಯದ್ದು ಕೂತಿತ್ತು. ಗೂಡಿನ ಅಂಚಿನಲ್ಲಿ ಅಂಟು ಅರ್ಧದಷ್ಟು ಮಾತ್ರ ಹರಡಿ, ಉಗುರು ಸಿಕ್ಕಿಸಬಹುದಾದ ಸೀಳು ಉಳಿದಿತ್ತು. ಎರಡು ತಪ್ಪು ಒಂದೇ ರಿಪೇರಿಯಲ್ಲಿ, ಅದಕ್ಕೆ 250 ರೂಪಾಯಿ!

ಮನೆಯಲ್ಲಿದ್ದ ಸರಿಯಾದ ಅಳತೆಯ ರಬ್ಬರ್ ಹಾಕಿ, ಸೀಳಿಗೆ ಅಂಟು ತುಂಬಿದೆ. ಗೂಡಿನ ಮೇಲೆ ಡ್ರೈವರ್ ಉಸಿರಾಡಲು ಸೂಜಿಮೊನೆಯಷ್ಟು ತೂತು ಇರುತ್ತದೆ, ಅದು ಅಂಟಿನಿಂದ ಮುಚ್ಚಿಹೋದರೂ ಬೇಸ್ ಕುಗ್ಗುತ್ತದೆ, ಹಾಗಾಗಿ ಅದನ್ನು ತಪ್ಪಿಸಿದೆ. ಈಗ ಎಡ, ಬಲ ಒಂದೊಂದೇ ಕೇಳಿದರೆ ಎರಡೂ ಸಮ. ಒಟ್ಟಿಗೆ ಕೇಳಿದರೆ ಮತ್ತೆ ಅದೇ ಟೊಳ್ಳು. ಫೋನಿನ ಸೆಟ್ಟಿಂಗ್ಸಿನಲ್ಲಿ Accessibility ಒಳಗಿರುವ Mono audio ಆನ್ ಮಾಡಿದೆ. ಆಗ ಎರಡೂ ಕಡೆಗೆ ಒಂದೇ ಸದ್ದು ಹೋಗುವುದರಿಂದ ದನಿ ಹಣೆಯ ನಡುವೆ ಬಂದು ನಿಲ್ಲಬೇಕು. ತಮ್ಮನದರಲ್ಲಿ ನಿಂತಿತು, ನನ್ನದರಲ್ಲಿ ನಿಲ್ಲಲಿಲ್ಲ. ಮೋನೋದಲ್ಲಿ ಸದ್ದೇ ಹೆಚ್ಚುಕಡಿಮೆ ಸತ್ತುಹೋಗಿದ್ದರೆ ಅದು ಬೇರೆ ರೋಗ, ಎರಡೂ ಕಡೆಯ ಮೈನಸ್ ಸೇರುವ ಗ್ರೌಂಡ್ ಬಿಟ್ಟುಹೋಗಿದೆ ಎಂದರ್ಥ. ನನ್ನದರಲ್ಲಿ ಸದ್ದು ಪೂರ್ತಿ ಇತ್ತು, ಜಾಗ ಮಾತ್ರ ಕೆಟ್ಟಿತ್ತು. ಹಾಗಾಗಿ ಎಳೆಗಳ ಅದಲುಬದಲು ಎಂಬುದು ಗಟ್ಟಿಯಾಯಿತು.

ಇಷ್ಟನ್ನೂ ವಿವರಿಸಿದಾಗ ಅಂಗಡಿಯವರ ಕೊನೆಯ ಉತ್ತರ, "ವೈರಿಗೆ ಪ್ಲಸ್ ಮೈನಸ್ ಎಲ್ಲಿದೆ ಸಾರ್, ಇದೇನು ಬ್ಯಾಟರಿನಾ?" ರಬ್ಬರ್ ಕೇಳಿದರೆ, "ನೀವು ಕೊಟ್ಟಾಗಲೇ ಇದೇ ಇತ್ತು." ಹಣವನ್ನೂ ಕೊಡಲಿಲ್ಲ, ಕೆಲಸವನ್ನೂ ಮಾಡಲಿಲ್ಲ.

ಬೇರೆಯವರಲ್ಲಿಗೆ ಹೋದೆ. ಅವರು ಅಂಟಿಸಿದ ಗೂಡನ್ನು ಮತ್ತೆ ಬಿಡಿಸುವುದು ಬೇಡ, ಡ್ರೈವರಿನ ಬಿಂದು ಕಿತ್ತು ಬಂದರೆ ಪೀಸೇ ಹೋಯಿತು ಎಂದು, ಜಾಕ್ ಕತ್ತರಿಸಿ ಹೊಸದು ಹಾಕಿದರು. ನನ್ನ ವೈರಿನಲ್ಲಿ ಎರಡೂ ಕಡೆಯ ಎಳೆಗಳು ಜಾಕಿನವರೆಗೂ ಬೇರೆ ಬೇರೆಯಾಗಿ ಬಂದಿದ್ದವು. ಆದ್ದರಿಂದ ಬಲಗಡೆಯ ತಾಮ್ರದ ಎಳೆಯನ್ನು ಜಾಕಿನ ನಡುವಿನ ಉಂಗುರಕ್ಕೂ ಕೆಂಪನ್ನು ಗ್ರೌಂಡಿಗೂ ಸೇರಿಸಿ, ಒಳಗಿನ ತಪ್ಪನ್ನು ಹೊರಗಿನಿಂದಲೇ ತಿರುಗಿಸಿದರು. ಎರಡೂ ಕಡೆಗೆ ಗ್ರೌಂಡ್ ಎಳೆ ಒಂದೇ ಇರುವ ವೈರಿನಲ್ಲಿ ಈ ಉಪಾಯ ನಡೆಯುವುದಿಲ್ಲ, ಗೂಡನ್ನೇ ಬಿಡಿಸಬೇಕಾಗುತ್ತದೆ.

ರಿಪೇರಿಗೆ ಕೊಡುವ ಮುನ್ನ ರಬ್ಬರುಗಳನ್ನು ಕಳಚಿ ಜೇಬಿಗೆ ಹಾಕಿಕೊಳ್ಳಿ. ವಾಪಸ್ ಕೊಟ್ಟಾಗ ಅವರ ಹಾಡು ಬೇಡ, ನಿಮಗೆ ಚೆನ್ನಾಗಿ ಗೊತ್ತಿರುವ ಹಾಡನ್ನು ನಿಮ್ಮದೇ ರಬ್ಬರ್ ಹಾಕಿ, ಮೋನೋ ಆನ್ ಮಾಡಿ ಅಂಗಡಿಯಲ್ಲೇ ಕೇಳಿ, ದನಿ ನಡುವೆ ನಿಲ್ಲದಿದ್ದರೆ ಹಣ ಕೊಡಬೇಡಿ. ಮೀಟರ್ ತೆಗೆದರೆ ನಗುವ ಸರದಿ ನಿಮ್ಮದಾಗಲಿ.