ಆರ್‌ಒ ಫಿಲ್ಟರ್: ವರ್ಷದ ಕಾಂಟ್ರಾಕ್ಟಾ, ಬೇಕಾದಾಗ ರಿಪೇರಿನಾ?

ನಮ್ಮ ಮನೆಯ ಆರ್‌ಒಗೆ ಎಎಂಸಿ, ಅಂದರೆ ವರ್ಷದ ನಿರ್ವಹಣೆ ಕಾಂಟ್ರಾಕ್ಟ್, ಕೇಳಿದಾಗ ವರ್ಷಕ್ಕೆ 4,500 ರೂಪಾಯಿ ಹೇಳಿದರು. ನೀರಿನ ಲವಣ ಸೋಸುವ ಮೆಂಬ್ರೇನ್ ಸೇರಿ ತಿಂಗಳಿಗೆ 375. ಆದರೆ ಹೊರಗಿನ ಪ್ರಿ-ಫಿಲ್ಟರ್ ಕ್ಯಾಂಡಲ್ ಅದರಲ್ಲಿಲ್ಲ. ಮೂರು ತಿಂಗಳಿಗೊಮ್ಮೆ 150 ಕೊಟ್ಟು ಹಾಕಿಸಬೇಕು. ಅಲ್ಲಿಗೆ 425 ಆಯಿತು.

ಕಾಂಟ್ರಾಕ್ಟ್ ಬೇಡವೆಂದರೆ? ಸೆಡಿಮೆಂಟ್, ಕಾರ್ಬನ್ ಫಿಲ್ಟರ್‌ಗೆ ವರ್ಷಕ್ಕೆ 1,200. ಎರಡು ಸಲ ಮೆಕ್ಯಾನಿಕ್ ಬಂದರೆ 800. ಮೆಂಬ್ರೇನ್‌ಗೆ 2,400. ಅದು ಎರಡು ವರ್ಷ ಬಂದರೆ ಕ್ಯಾಂಡಲ್ ಸೇರಿ ತಿಂಗಳಿಗೆ ಸುಮಾರು 317.

ಎಲ್ಲ ನಿಂತಿರುವುದು ಈ ಮೆಂಬ್ರೇನ್ ಮೇಲೆ. ಗಡಸು ಬೋರ್‌ವೆಲ್ ನೀರಿಗೆ ಅದು ಒಂದೇ ವರ್ಷಕ್ಕೆ ಹೋದರೆ 317 ಹೋಗಿ 417 ಆಗುತ್ತದೆ. ಆಗ ಪಂಪ್, ಅಡಾಪ್ಟರ್ ಕೂಡ ಸೇರಿರುವ ಎಎಂಸಿಯೇ ವಾಸಿ. ಪಾರ್ಟ್ಸ್ ಪಟ್ಟಿಯನ್ನು ಬರಹದಲ್ಲೇ ತಗೊಳ್ಳಿ. ಬರೀ ಸರ್ವಿಸ್ ಮಾತ್ರ ಇರುವ ಅಗ್ಗದ ಎಎಂಸಿಗೆ ಸುಮ್ನೆ ದುಡ್ಡು ಹಾಕಬೇಡಿ.

ಮೆಂಬ್ರೇನ್ ಹೋಗಿದೆ ಎಂದರೆ ತಕ್ಷಣ ಒಪ್ಪಬೇಡಿ. ಹೊಸದು ಹಾಕಿದ ದಿನವೇ, ನೀರಲ್ಲಿ ಕರಗಿದ ಲವಣ ಅಳೆಯುವ ಟಿಡಿಎಸ್ ಮೀಟರ್‌ನಲ್ಲಿ ಒಳಬರುವ ನೀರು, ಕುಡಿಯುವ ನೀರು ಎರಡನ್ನೂ ನೋಡಿ ಬರೆದಿಡಿ. ನಮ್ಮಲ್ಲಿ 800 ಇದ್ದದ್ದು 60ಕ್ಕೆ ಇಳಿದಿತ್ತು. ಒಳಬರುವ ನೀರು ಅಷ್ಟೇ ಇದ್ದು, ಕುಡಿಯುವ ನೀರಿನ ಅಂಕಿ ತಿಂಗಳು ತಿಂಗಳು ಏರುತ್ತಿದ್ದರೆ ಬದಲಾಯಿಸುವ ಹೊತ್ತು ಬಂತು.