ಆಂಟಿ-ಫಟೀಗ್ ಲೆನ್ಸ್ (0.60 ಬೂಸ್ಟ್): 18 ತಿಂಗಳ ಬಳಕೆಯ ನಂತರ

ಫೋನ್, ಸ್ಕ್ರೀನ್ ನೋಡಿ ದಣಿಯುವ ಕಣ್ಣಿಗೆಂದು ಮಾರುವ ಆಂಟಿ-ಫಟೀಗ್ ಲೆನ್ಸನ್ನು ಅಂಗಡಿಗಳಲ್ಲಿ ‘ಡಿಜಿಟಲ್ ಲೆನ್ಸ್’, ‘ರಿಲ್ಯಾಕ್ಸ್ ಲೆನ್ಸ್’ ಎಂದೆಲ್ಲ ಕರೆಯುತ್ತಾರೆ. ಹೆಸರು ಯಾವುದಾದರೂ ಒಳಗಿನ ರಚನೆ ಹೆಚ್ಚುಕಡಿಮೆ ಒಂದೇ. ಲೆನ್ಸಿನ ಮೇಲಿನ ಮತ್ತು ನಡುವಿನ ಭಾಗದಲ್ಲಿ ನಿಮ್ಮ ಮಾಮೂಲಿ ದೂರದ ನಂಬರ್ ಇರುತ್ತದೆ. ಕೆಳಕ್ಕೆ ಬರುತ್ತಾ ಸ್ವಲ್ಪ ಸ್ವಲ್ಪವಾಗಿ ಪ್ಲಸ್ ಪವರ್ ಸೇರುತ್ತದೆ, ಅದನ್ನೇ ಬೂಸ್ಟ್ ಅನ್ನುವುದು. ಎಸಿಲಾರ್ ಕಂಪನಿಯ ಐಜೆನ್ ಲೆನ್ಸಿನಲ್ಲಿ ಇದು 0.40, 0.60, 0.85 ಎಂಬ ಹಂತಗಳಲ್ಲಿ ಬಂದಿದೆ. ಹೋಯಾ ಕಂಪನಿಯ ಸಿಂಕ್ 3ರಲ್ಲಿ 0.57, 0.95, 1.32 ಇವೆ. ಇಲ್ಲಿ ವಿಮರ್ಶಿಸುತ್ತಿರುವ ಜೋಡಿ 26ರ ವಯಸ್ಸಿಗೆ ಮಾಡಿಸಿದ್ದು. ದೂರದ ನಂಬರ್ ಬಲಗಣ್ಣಿಗೆ –1.25, ಎಡಗಣ್ಣಿಗೆ –1.00, ಬೂಸ್ಟ್ 0.60. ಅಂದರೆ ಕೆಳಭಾಗದಲ್ಲಿ ಬಲಗಣ್ಣಿಗೆ ಸಿಗುವುದು –0.65, ಎಡಗಣ್ಣಿಗೆ –0.40. ಐದಕ್ಕೆ ಮೂರೂವರೆ ಅಂಕ ಕೊಡುತ್ತೇನೆ. ಕಳೆದ ಒಂದೂವರೆ ಅಂಕ ಲೆನ್ಸಿನದ್ದಕ್ಕಿಂತ ಹೆಚ್ಚಾಗಿ ಅದನ್ನು ಕೂರಿಸುವ ಮತ್ತು ಮಾರುವ ರೀತಿಯದ್ದು.

ಮೊದಲು 0.60 ಎಂದರೆ ಎಷ್ಟು ಎಂಬುದನ್ನು ಲೆಕ್ಕ ಹಾಕೋಣ. ಯಾಕೆಂದರೆ ಇದನ್ನು ಕೌಂಟರಿನಲ್ಲಿ ಬಿಡಿಸಿ ಹೇಳುವವರು ಕಡಿಮೆ. ದೂರದ ನಂಬರ್ ಸರಿಯಾಗಿ ಹಾಕಿಕೊಂಡಿದ್ದಾಗ ಹತ್ತಿರದ ವಸ್ತುವಿಗೆ ಕಣ್ಣು ಎಷ್ಟು ಫೋಕಸ್ ಶ್ರಮ ಪಡಬೇಕು ಎಂದು ತಿಳಿಯಲು 100ನ್ನು ಸೆಂಟಿಮೀಟರ್ ದೂರದಿಂದ ಭಾಗಿಸಿದರೆ ಸಾಕು. ಪುಸ್ತಕ 40 ಸೆಂ.ಮೀ. ದೂರದಲ್ಲಿದ್ದರೆ 2.50 ಡಯಾಪ್ಟರ್, ಕನ್ನಡಕದ ನಂಬರ್ ಹೇಳುವುದೂ ಇದೇ ಅಳತೆಯಲ್ಲಿ. ಫೋನ್ 30 ಸೆಂ.ಮೀ.ನಲ್ಲಿದ್ದರೆ ಸುಮಾರು 3.30. ಮಲಗಿಕೊಂಡು 25 ಸೆಂ.ಮೀ.ಗೆ ತಂದರೆ 4.00. ಈಗ 30 ಸೆಂ.ಮೀ. ದೂರದ ಫೋನಿಗೆ 0.60 ಬೂಸ್ಟ್ ಸಿಕ್ಕಿತು ಅನ್ನಿ, ಶ್ರಮ 2.70ಕ್ಕೆ ಇಳಿಯುತ್ತದೆ. ಅದು ಫೋನನ್ನು 37 ಸೆಂ.ಮೀ.ಗೆ ಸರಿಸಿದ್ದಕ್ಕೆ ಸಮ. ಇಷ್ಟೇ ಈ ಲೆನ್ಸ್ ಮಾಡುವ ಕೆಲಸ: ಫೋನನ್ನು ನಾಲ್ಕು ಬೆರಳಗಲ ದೂರ ಹಿಡಿದಷ್ಟು ಆರಾಮ.

ಹಾಗಾದರೆ ಫೋನನ್ನೇ ದೂರ ಹಿಡಿದು ಅಕ್ಷರ ದೊಡ್ಡದು ಮಾಡಿಕೊಳ್ಳಬಾರದೇ? ಖಂಡಿತ, ದುಡ್ಡು ಕೊಡುವ ಮುಂಚೆ ಮಾಡಬೇಕಾದದ್ದು ಅದೇ. 25ರಿಂದ 33 ಸೆಂ.ಮೀ.ಗೆ ಸರಿಸಿದರೆ ಒಂದು ಪೂರ್ತಿ ಡಯಾಪ್ಟರ್ ಉಳಿಯುತ್ತದೆ, ಅದು ಈ ಲೆನ್ಸ್ ಕೊಡುವುದಕ್ಕಿಂತ ಹೆಚ್ಚು. ಎರಡು ವಾರ ಹಾಗೆ ಮಾಡಿಯೂ ಸಂಜೆಗೆ ಹುಬ್ಬಿನ ಮೇಲೆ ಬಿಗಿತ ಉಳಿದರೆ, ಫೋನಿನಿಂದ ತಲೆಯೆತ್ತಿದಾಗ ಎದುರಿಗೆ ಬರುವ ಬಸ್ಸಿನ ಬೋರ್ಡು ಮೂರ್ನಾಲ್ಕು ಸೆಕೆಂಡು ಮಂಜಾಗಿ ಆಮೇಲೆ ತಿಳಿಯಾಗುತ್ತಿದ್ದರೆ, ಆಗ ಈ ಲೆನ್ಸಿನ ಮಾತು ಬರುತ್ತದೆ. ಆ ಮೂರ್ನಾಲ್ಕು ಸೆಕೆಂಡಿನ ಮಂಜು ಒಂದು ಒಳ್ಳೆಯ ಗುರುತು. ಹತ್ತಿರಕ್ಕೆ ಬಿಗಿಹಿಡಿದ ಫೋಕಸ್ ಸ್ನಾಯು ಬೇಗ ಸಡಿಲಾಗುತ್ತಿಲ್ಲ ಎಂದು ಅದು ಹೇಳುತ್ತದೆ. ಕಣ್ಣು ಉರಿ, ಮರಳು ಬಿದ್ದಂತೆ ಚುಚ್ಚುವುದು ಮಾತ್ರ ಇದ್ದರೆ ಅದು ಬೇರೆ ಕತೆ. ಸ್ಕ್ರೀನ್ ನೋಡುವಾಗ ರೆಪ್ಪೆ ಬಡಿಯುವುದು ಕಡಿಮೆಯಾಗಿ ಕಣ್ಣು ಒಣಗಿರುತ್ತದೆ, ಅದಕ್ಕೆ ಬೂಸ್ಟ್ ಏನೂ ಮಾಡುವುದಿಲ್ಲ.

ಓದುವ ಕನ್ನಡಕಕ್ಕೂ ಇದಕ್ಕೂ ಇರುವ ವ್ಯತ್ಯಾಸ ಪವರಿನದ್ದು ಮಾತ್ರವಲ್ಲ. ನಲವತ್ತು ದಾಟಿದವರ ಚಾಳೀಸು ಕನ್ನಡಕ ಕಣ್ಣು ಮಾಡಲಾರದ ಕೆಲಸವನ್ನು ತಾನೇ ಮಾಡಿಕೊಡುತ್ತದೆ. ಇಪ್ಪತ್ತಾರರ ಕಣ್ಣಿಗೆ ಆ ಕೆಲಸ ಬರುತ್ತದೆ. ವಯಸ್ಸಿನಿಂದ ಫೋಕಸ್ ಶಕ್ತಿ ಅಂದಾಜಿಸುವ ಹಳೆಯ ಸೂತ್ರದ ಪ್ರಕಾರ (18.5ರಿಂದ ವಯಸ್ಸಿನ 0.3 ಪಾಲು ಕಳೆಯಬೇಕು) 26ಕ್ಕೆ ಸರಾಸರಿ 10.7 ಡಯಾಪ್ಟರ್ ಶಕ್ತಿ ಇರುತ್ತದೆ. ಬೇಕಿರುವುದು ಮೂರು ಚಿಲ್ಲರೆ. ಶಕ್ತಿ ಇದೆ, ಆದರೆ ಬಿಡುವಿಲ್ಲದೆ ಗಂಟೆಗಟ್ಟಲೆ ದುಡಿಸುತ್ತಿದ್ದೇವೆ. ಹಾಗಾಗಿ ಹೊರೆಯಲ್ಲಿ ಸ್ವಲ್ಪ ಪಾಲು ಇಳಿಸಿದರೆ ಸಾಕು, ಪೂರ್ತಿ ಹೊರುವ ಅಗತ್ಯವಿಲ್ಲ.

ಬಳಕೆಯಲ್ಲಿ ಈ ವ್ಯತ್ಯಾಸ ಗೊತ್ತಾಗುವುದು ತಲೆ ಎತ್ತಿದಾಗ. ದೂರದ ನಂಬರ್ ಇಲ್ಲದವರು +1.00ರ ರೆಡಿಮೇಡ್ ಓದುವ ಕನ್ನಡಕ ಹಾಕಿಕೊಂಡರೆ ಒಂದು ಮೀಟರಿನಾಚೆ ಎಲ್ಲವೂ ಮಬ್ಬು. ಪವರ್ ಇಡೀ ಗಾಜಿನಲ್ಲಿದೆ, ತಪ್ಪಿಸಿಕೊಳ್ಳಲು ಜಾಗವಿಲ್ಲ. ಮೈನಸ್ ನಂಬರ್ ಇರುವವರಿಗಂತೂ ಅದು ಉಪಯೋಗಕ್ಕೇ ಬಾರದು. ರೆಡಿಮೇಡ್‌ನಲ್ಲಿ ಎರಡೂ ಕಣ್ಣಿಗೆ ಒಂದೇ ಪವರ್, ಸಿಲಿಂಡರ್ ಇಲ್ಲ, ಎರಡು ಗಾಜುಗಳ ನಡುವಿನ ಅಂತರವೂ ನಿಮ್ಮ ಕಣ್ಣಿಗೆ ಅಳೆದದ್ದಲ್ಲ. ಆಂಟಿ-ಫಟೀಗ್‌ನಲ್ಲಿ ನೇರ ನೋಡಿದರೆ ದೂರ ಸ್ಪಷ್ಟ. ಕೆಳಗೆ ನೋಡಿದಾಗಲೂ 0.60ರ ಭಾಗದಲ್ಲಿ ಸುಮಾರು 1.65 ಮೀಟರ್ ತನಕ ಮಬ್ಬಾಗುವುದಿಲ್ಲ. ನಿಂತವರ ಕಣ್ಣಿನಿಂದ ಪಾದಕ್ಕೆ ಸಾಮಾನ್ಯವಾಗಿ ಅಷ್ಟು ದೂರವೂ ಇರುವುದಿಲ್ಲ. ಆದ್ದರಿಂದಲೇ ದೂರ, ಹತ್ತಿರ ಎರಡಕ್ಕೂ ಒಂದೇ ಗಾಜಿರುವ ಪ್ರೊಗ್ರೆಸಿವ್ ಹಾಕಿದವರು ಹೇಳುವ ಮೆಟ್ಟಿಲಿನ ತೊಂದರೆ ಇಲ್ಲಿ ಹೆಚ್ಚುಕಡಿಮೆ ಇಲ್ಲ. ಪ್ರೊಗ್ರೆಸಿವ್‌ನ ಬದಿಗಳಲ್ಲಿ ದೃಶ್ಯ ತಿರುಚಿ ತೇಲಾಡಿದಂತೆ ಕಾಣುವುದೂ ಇಲ್ಲಿ ಕಮ್ಮಿ, ಯಾಕೆಂದರೆ ಆ ತಿರುಚು ಸೇರಿಸಿದ ಪವರಿನ ಜೊತೆಗೇ ಬೆಳೆಯುವಂಥದ್ದು. ನಾಲ್ಕನೇ ದಿನಕ್ಕೆ ಹೊಂದಿಕೆ ಮುಗಿಯಿತು.

ಇನ್ನು ತಪ್ಪುವುದೆಲ್ಲಿ ಎಂಬುದಕ್ಕೆ ಬರೋಣ. ಬೂಸ್ಟ್ ಪೂರ್ತಿ ಸಿಗುವುದು ಕಣ್ಣಪಾಪೆಯ ಮಟ್ಟದಿಂದ ಸೆಂಟಿಮೀಟರಿಗೂ ಹೆಚ್ಚು ಕೆಳಗೆ. ನೀವು ಕಣ್ಣನ್ನು ಕೆಳಗಿಳಿಸಿ ನೋಡಿದರೆ ಮಾತ್ರ ಅದು ಸಿಗುತ್ತದೆ. ಮೆಟ್ರೋದಲ್ಲಿ ನಿಂತು ಫೋನನ್ನು ಮುಖದೆದುರೇ ಹಿಡಿದರೆ, ಬೆನ್ನ ಮೇಲೆ ಮಲಗಿ ಮುಖದ ಮೇಲೆ ಹಿಡಿದರೆ, ನೋಟ ಹಾದುಹೋಗುವುದು ದೂರದ ನಂಬರಿನ ಮೂಲಕ. ಆಗ ಈ ಲೆನ್ಸಿಗೂ ಸಾದಾ ಲೆನ್ಸಿಗೂ ವ್ಯತ್ಯಾಸವೇ ಇಲ್ಲ. ಲ್ಯಾಪ್‌ಟಾಪನ್ನು ಸ್ಟ್ಯಾಂಡಿನ ಮೇಲೇರಿಸಿ ಕಣ್ಣಿನ ಮಟ್ಟಕ್ಕೆ ಇಟ್ಟವರಿಗೂ ಅಷ್ಟೇ. ಆದರೂ ಲ್ಯಾಪ್‌ಟಾಪ್ 60 ಸೆಂ.ಮೀ. ದೂರದಲ್ಲಿರುವುದರಿಂದ ಅಲ್ಲಿ ಬೇಕಾಗುವ ಶ್ರಮ ಸುಮಾರು 1.70 ಮಾತ್ರ, ನಷ್ಟ ದೊಡ್ಡದಲ್ಲ. ಫೋನನ್ನು ಎದೆಯ ಮಟ್ಟದಲ್ಲಿ ಹಿಡಿದು, ಕುತ್ತಿಗೆ ಪೂರ್ತಿ ಬಗ್ಗಿಸದೆ ಕಣ್ಣನ್ನು ಇಳಿಸುವ ಅಭ್ಯಾಸ ಮಾಡಿಕೊಳ್ಳದೆ ಈ ಲೆನ್ಸ್ ಕೊಂಡು ಪ್ರಯೋಜನವಿಲ್ಲ ಎಂದು ಖಡಾಖಂಡಿತವಾಗಿ ಹೇಳಬಲ್ಲೆ.

ಇದೇ ಕಾರಣಕ್ಕೆ ಅಳತೆ ತಪ್ಪಿದರೆ ಲೆನ್ಸ್ ಕೆಟ್ಟಂತೆಯೇ. ಫ್ರೇಮನ್ನು ಮೊದಲು ಮೂಗಿಗೆ, ಕಿವಿಗೆ ಸರಿಯಾಗಿ ಕೂರಿಸಿ, ಆಮೇಲೆ ಡೆಮೊ ಗಾಜಿನ ಮೇಲೆ ಎರಡೂ ಕಣ್ಣಪಾಪೆಯ ಜಾಗವನ್ನು ಬೇರೆಬೇರೆಯಾಗಿ ಗುರುತು ಹಾಕಬೇಕು. ಈ ಜೋಡಿಯಲ್ಲಿ ಆದದ್ದು ತಿರುಗಾಮುರುಗಾ: ಗುರುತು ಮೊದಲು, ಫ್ರೇಮ್ ಬಿಗಿ ಮಾಡಿದ್ದು ಆಮೇಲೆ. ಫ್ರೇಮ್ ಮೂಗಿನ ಮೇಲೆ ಸುಮಾರು 3 ಮಿ.ಮೀ. ಮೇಲೇರಿತು, ಜೊತೆಗೆ ಬೂಸ್ಟೂ ಏರಿತು. ಪರಿಣಾಮವಾಗಿ ನೇರ ನೋಡಿದರೆ ದೂರದ ಅಕ್ಷರದ ಅಂಚು ಮೃದು, ಗದ್ದ ಸ್ವಲ್ಪ ತಗ್ಗಿಸಿದರೆ ಚೊಕ್ಕ. ಗದ್ದ ತಗ್ಗಿಸಿದಾಗ ದೂರ ತಿಳಿಯಾಗುವುದೇ ಲೆನ್ಸ್ ಎತ್ತರಕ್ಕೆ ಕೂತಿದೆ ಎಂಬುದಕ್ಕೆ ಗುರುತು. ಉಲ್ಟಾ ತೊಂದರೆಯೂ ಇದೆ: ಲೆನ್ಸ್ ಕೆಳಗೆ ಕೂತಿದ್ದರೆ ಫೋನ್ ನೋಡಲು ಗದ್ದ ಎತ್ತಬೇಕಾಗುತ್ತದೆ, ಸಂಜೆಗೆ ಕುತ್ತಿಗೆ ನೋಯುತ್ತದೆ. ಮೂಗಿನ ಪ್ಯಾಡ್‌ಗಳನ್ನು ಅಗಲಿಸಿ ಇಳಿಸಿದ ಮೇಲೆ ಈ ಜೋಡಿ ಸರಿಹೋಯಿತು. ಅಗಲಿಸಲಾಗದ ಪ್ಲಾಸ್ಟಿಕ್ ಫ್ರೇಮ್ ಆಗಿದ್ದರೆ ಲೆನ್ಸನ್ನೇ ಮತ್ತೆ ಮಾಡಿಸಬೇಕಿತ್ತು.

ಮನೆಯಲ್ಲೇ ನೋಡಿಕೊಳ್ಳಲು ಒಂದು ದಾರಿ ಇದೆ. ಲೆನ್ಸಿನ ಮೇಲೆ ಬಾಯಿಂದ ಆವಿ ಊದಿ, ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದು ತಿರುಗಿಸಿ. ಆವಿ ಆರುವಾಗ ಎಡಬಲಕ್ಕೆ ಕೂದಲೆಳೆಯಷ್ಟು ತೆಳುವಾದ ಎರಡು ಕೆತ್ತಿದ ಗುರುತು ಕಾಣುತ್ತವೆ, ಸಾಮಾನ್ಯವಾಗಿ 34 ಮಿ.ಮೀ. ಅಂತರದಲ್ಲಿ. ಒಂದೇ ಗಾಜಿನ ಎರಡು ಗುರುತುಗಳನ್ನು ಸೇರಿಸುವ ಗೆರೆ ಅಡ್ಡಡ್ಡ ಸಮವಾಗಿರಬೇಕು. ಓರೆಯಾಗಿದ್ದರೆ ಗಾಜು ತಿರುಗಿ ಕೂತಿದೆ ಎಂದರ್ಥ, ಹಿಂದಿರುಗಿಸಿ. ಗುರುತೇ ಕಾಣದಿದ್ದರೆ ಅಂಗಡಿಯಲ್ಲಿ ಲೆನ್ಸೋಮೀಟರಿಗೆ ಹಾಕಿಸಿ, ಮೇಲಿನ ಮತ್ತು ಕೆಳಗಿನ ಪವರ್ ಎರಡನ್ನೂ ಓದಿಸಿ. ಎರಡೂ ಒಂದೇ ಬಂದರೆ ನಿಮಗೆ ಸಿಕ್ಕಿರುವುದು ಸಾದಾ ಲೆನ್ಸ್.

ಕೊಳ್ಳುವ ಮುಂಚೆ ಕೇಳಬೇಕಾದ ಪರೀಕ್ಷೆಯೂ ಸರಳ. ಟ್ರಯಲ್ ಫ್ರೇಮಿನಲ್ಲಿ ನಿಮ್ಮ ದೂರದ ನಂಬರ್ ಹಾಕಿಸಿ, ಅದರ ಮೇಲೆ ಎರಡೂ ಕಣ್ಣಿಗೆ +0.50 ಇಡಿಸಿ, ಹದಿನೈದು ನಿಮಿಷ ನಿಮ್ಮದೇ ಫೋನ್ ಓದಿ. ಆಮೇಲೆ +0.50 ತೆಗೆದು ಓದಿ. ತೆಗೆದ ತಕ್ಷಣ ಎಳೆದಂತಾದರೆ ಲೆನ್ಸ್ ಕೆಲಸ ಮಾಡುವ ಸಾಧ್ಯತೆ ಚೆನ್ನಾಗಿದೆ. ಏನೂ ವ್ಯತ್ಯಾಸ ಕಾಣದಿದ್ದರೆ ದುಡ್ಡು ಉಳಿಸಿ. ಪ್ಲಸ್ ಇಟ್ಟಾಗಲೇ ಅಕ್ಷರ ಎರಡೆರಡಾಗುವುದು, ಸಾಲು ಅಲುಗುವುದು ಕಂಡರೆ ಅಲ್ಲೇ ನಿಲ್ಲಿಸಿ. ಕಣ್ಣುಗಳು ಒಳಕ್ಕೆ ತಿರುಗಲು ಫೋಕಸ್ ಶ್ರಮವೂ ಆಸರೆಯಾಗಿರುತ್ತದೆ, ಪ್ಲಸ್ ಆ ಆಸರೆಯನ್ನೇ ಕಿತ್ತುಕೊಳ್ಳುತ್ತದೆ. ಕಣ್ಣು ಒಳತಿರುಗಿಸುವ ಶಕ್ತಿ ಕಡಿಮೆ ಇರುವವರಿಗೆ ಬೇಕಿರುವುದು ವ್ಯಾಯಾಮ, ಈ ಲೆನ್ಸ್ ಅಲ್ಲ. ಪೆನ್ನಿನ ತುದಿಯನ್ನು ಮೂಗಿನತ್ತ ತರುವಾಗ ಹತ್ತು ಸೆಂ.ಮೀ.ಗಿಂತ ದೂರದಲ್ಲೇ ಎರಡಾಗಿ ಕಂಡರೆ ಪರೀಕ್ಷೆ ಮಾಡುವವರಿಗೆ ಅದನ್ನು ಹೇಳಿ.

ಇನ್ನೊಂದು ಸಾಧ್ಯತೆಯನ್ನು ತಳ್ಳಿಹಾಕದೆ ಲೆನ್ಸ್ ಬರೆಸಬೇಡಿ: ನಂಬರೇ ತಪ್ಪಿರಬಹುದು. ಮೈನಸ್ 0.50ಯಷ್ಟು ಹೆಚ್ಚಾಗಿ ಕೊಟ್ಟಿದ್ದರೆ ಕಣ್ಣು ದೂರಕ್ಕೂ ದುಡಿಯುತ್ತಿರುತ್ತದೆ. ಅದರ ಮೇಲೆ 0.60 ಬೂಸ್ಟ್ ಸೇರಿಸಿದರೆ ತಪ್ಪನ್ನು ಮುಚ್ಚಿದಂತಾಗುತ್ತದೆ. ಅಡಗಿದ ಪ್ಲಸ್ ನಂಬರ್ ಇರುವವರದ್ದೂ ಇದೇ ಪಾಡು, ಕೆಲವೊಮ್ಮೆ ಡ್ರಾಪ್ಸ್ ಹಾಕಿ ನೋಡಿದರೆ ಮಾತ್ರ ಅದು ಹೊರಬರುತ್ತದೆ. ಇವರಿಗೆ ಸರಿಯಾದ ಸಾದಾ ನಂಬರ್ ಸಾಕು. ಇನ್ನು –1.25ರಂಥ ಸಣ್ಣ ಮೈನಸ್ ಇರುವವರಿಗೆ ಪುಕ್ಕಟೆ ಪ್ರಯೋಗವೊಂದಿದೆ: ಕನ್ನಡಕ ತೆಗೆದು ಫೋನ್ ಓದಿದರೆ 1.25ರ ಬೂಸ್ಟ್ ಸಿಕ್ಕಂತೆಯೇ. ಒಂದು ವಾರ ಹಾಗೆ ಓದಿ ಬಿಗಿತ ಇಳಿದರೆ ಕಾರಣ ಫೋಕಸ್ ಶ್ರಮ ಎಂಬುದಕ್ಕೆ ಒಳ್ಳೆಯ ಸುಳಿವು ಸಿಗುತ್ತದೆ. ಕನ್ನಡಕ ತೆಗೆದು ಹಾಕುವ ರಗಳೆ ಬೇಡ ಎನ್ನುವವರು ಆಗ ಲೆನ್ಸಿಗೆ ಹೋಗಬಹುದು.

ನೀಲಿ ಬೆಳಕು ತಡೆಯುವ ಬ್ಲೂ ಕಟ್ ಸೇರಿಸಿ ಎಂದು ಅಂಗಡಿಯವರು ಬಲವಂತ ಮಾಡುತ್ತಾರೆ. ವೈದ್ಯಕೀಯ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡುವ ಕಾಕ್ರೇನ್ ಸಂಸ್ಥೆಯ 2023ರ ಅವಲೋಕನದಲ್ಲಿ ಸ್ಕ್ರೀನ್ ನೋಡಿ ಆಗುವ ಕಣ್ಣಿನ ದಣಿವನ್ನು ಅದು ಅಲ್ಪಾವಧಿಯಲ್ಲಿ ಇಳಿಸುವಂತೆ ಕಂಡಿಲ್ಲ. ಆ ಹಣವನ್ನು ಒಳ್ಳೆಯ ಆಂಟಿ-ರಿಫ್ಲೆಕ್ಷನ್ ಕೋಟಿಂಗಿಗೆ ಹಾಕಿ.

18 ತಿಂಗಳಲ್ಲಿ ಬಂದ ಬದಲಾವಣೆ ಹೀಗಿದೆ. ಬಸ್ ಬೋರ್ಡಿನ ಮಂಜು ಮೂರನೇ ವಾರಕ್ಕೆ ಕಡಿಮೆಯಾಯಿತು, ಸಂಜೆಯ ಬಿಗಿತ ಅರ್ಧಕ್ಕಿಂತ ಹೆಚ್ಚು ಹೋಯಿತು. ಬಿಡುವಿಲ್ಲದೆ ಎರಡು ಗಂಟೆ ಓದಿದ ದಿನ ಆ ಬಿಗಿತ ಈಗಲೂ ಬರುತ್ತದೆ. ಹತ್ತನೇ ತಿಂಗಳಲ್ಲಿ ಲಾಭ ಇದ್ದಕ್ಕಿದ್ದಂತೆ ಮಾಯವಾದಂತೆ ಅನಿಸಿತು. ನಂಬರ್ ಬದಲಾಗಿರಲಿಲ್ಲ, ಕಡ್ಡಿಗಳು ಸಡಿಲಾಗಿ ಕನ್ನಡಕ ಮೂಗಿನ ಮೇಲೆ ಜಾರುತ್ತಿತ್ತು. ಕಡ್ಡಿಯ ತುದಿಯನ್ನು ಬಿಸಿ ಮಾಡಿ ಬಗ್ಗಿಸಿ, ಹಳದಿಗಟ್ಟಿದ ಸಿಲಿಕೋನ್ ಪ್ಯಾಡ್ ಬದಲಿಸಿದ ದಿನವೇ ಮೊದಲಿನಂತಾಯಿತು. ಮುಂದಿನ ಜೋಡಿಗೂ 0.60 ಸಾಕು. 0.85 ಟ್ರಯಲ್‌ನಲ್ಲಿ ಹೆಚ್ಚೇನೂ ಕೊಡಲಿಲ್ಲ. ಕಣ್ಣಪಾಪೆಯಿಂದ ಕೆಳಗಿನ ಅಂಚಿಗೆ 18 ಮಿ.ಮೀ.ಗಿಂತ ಕಡಿಮೆ ಇರುವ ಕಿರಿದಾದ ಫ್ರೇಮ್ ಆರಿಸುವುದಿಲ್ಲ, ಯಾಕೆಂದರೆ ಅಂಥದ್ದರಲ್ಲಿ ಬೂಸ್ಟಿನ ಒಂದು ಪಾಲು ಗಾಜು ಕತ್ತರಿಸುವಾಗಲೇ ಹೋಗಿಬಿಡುತ್ತದೆ. ಫ್ರೇಮ್ ಹೊಸದಾದರೆ ಹಳೆಯ ಅಳತೆಯನ್ನು ನಕಲು ಮಾಡಲು ಬಿಡದೆ ಮತ್ತೆ ಗುರುತು ಹಾಕಿಸುತ್ತೇನೆ, ಈ ಸಲ ಫ್ರೇಮ್ ಕೂರಿಸಿದ ನಂತರ.