ಗುಂಗು ಹಿಡಿದ ಹಾಡು ಹುಡುಕಲು: ಗುನುಗುವುದೋ, ತಾಳ ಕುಟ್ಟುವುದೋ, ಪದ ಹಿಡಿಯುವುದೋ?

ರಾಗ ನೆನಪಿದ್ದರೆ ಹಾಡು ಹುಡುಕುವುದು ಈಗ ಅಷ್ಟೇನೂ ಕಷ್ಟವಲ್ಲ. ಒಂದು ಸಾಲು ನೆನಪಿದ್ದರಂತೂ ಇನ್ನೂ ಸುಲಭ. ಎರಡೂ ಕೈಕೊಟ್ಟು, ತಾಳದ ನಡೆ ಮತ್ತು ಅರ್ಥವಾಗದ ಒಂದೇ ಒಂದು ಪದ ಉಳಿದಾಗ ನಿಜವಾದ ಪೇಚಾಟ ಶುರುವಾಗುತ್ತದೆ. ನನ್ನ ಹತ್ತಿರ ಇದ್ದದ್ದು "ತ-ತಾಂ-ತ-ತಾಂ, ತ-ತಾಂ-ತ-ತಾಂ" ಎಂದು ಕುದುರೆ ಓಟದ ಹಾಗೆ ಸಾಗುವ ನಡೆ, ಅದರ ಮೇಲೆ ಕೂತಿದ್ದ "ಪಿನಿಕುಲಾ" ಎಂಬಂಥ ಒಂದು ಸದ್ದು. ಯಾವ ಭಾಷೆ, ಯಾವ ಕಾಲ, ಹಾಡಿದ್ದು ಗಂಡಸೋ ಹೆಂಗಸೋ, ಯಾವುದೂ ಗೊತ್ತಿಲ್ಲ. ಇದನ್ನೇ ಇಟ್ಟುಕೊಂಡು ಸಿಕ್ಕ ದಾರಿಗಳನ್ನೆಲ್ಲ ಒಂದೊಂದಾಗಿ ನೋಡಿದೆ.

ಶಜಾಮ್ ಥರದ ಆ್ಯಪ್‌ಗಳನ್ನು ಮೊದಲೇ ಪಕ್ಕಕ್ಕಿಡಬಹುದು. ಅವು ಗುರುತಿಸುವುದು ಹಾಡನ್ನಲ್ಲ, ಅದರ ಒಂದು ನಿರ್ದಿಷ್ಟ ರೆಕಾರ್ಡಿಂಗನ್ನು. ಆ ಧ್ವನಿಮುದ್ರಣದಲ್ಲಿ ಯಾವ ಕ್ಷಣ ಯಾವ ಕಂಪನಾಂಕ ಜೋರಾಗಿದೆ ಎಂಬುದರ ಬೆರಳಚ್ಚು ತೆಗೆದಿಟ್ಟು, ನೀವು ಕೇಳಿಸಿದ್ದನ್ನು ಅದಕ್ಕೆ ತಾಳೆ ಹಾಕುತ್ತವೆ. ಎದುರಿಗೆ ಹಾಡು ಮೊಳಗುತ್ತಿದ್ದರೆ ಇವನ್ನು ಮೀರಿಸುವುದು ಬೇರೊಂದಿಲ್ಲ. ತಲೆಯೊಳಗಷ್ಟೇ ಮೊಳಗುತ್ತಿರುವ ಹಾಡಿಗೆ ಇವುಗಳಿಂದ ಪ್ರಯೋಜನವಿಲ್ಲ.

ಗುನುಗಿ ಹುಡುಕುವುದು ಬೇರೆ ಜಾತಿ. ಸೌಂಡ್‌ಹೌಂಡ್‌ನಲ್ಲಿ ಇದು ಬಹಳ ಹಿಂದಿನಿಂದಲೂ ಇದೆ. ಗೂಗಲ್ ಆ್ಯಪ್‌ಗೆ 2020ರಲ್ಲಿ ಬಂತು. ಮೈಕ್ ಒತ್ತಿ ಹತ್ತು ಹದಿನೈದು ಸೆಕೆಂಡ್ ಗುನುಗಿದರೆ, ವಾದ್ಯ, ದನಿ, ಶ್ರುತಿ ಎಲ್ಲವನ್ನೂ ಬದಿಗಿಟ್ಟು ಸ್ವರ ಏರಿಳಿಯುವ ರೀತಿಯನ್ನಷ್ಟೇ ಅದು ನೋಡುತ್ತದೆ. ಅಪಸ್ವರ ಬಂದರೂ ಸಹಿಸಿಕೊಳ್ಳುತ್ತದೆ. ಆದರೆ ಏರಿಳಿತವೇ ಇಲ್ಲದಿದ್ದರೆ? ನನಗೆ ನೆನಪಿದ್ದದ್ದು ನಡೆ ಮಾತ್ರ, ಹಾಗಾಗಿ ಒಂದೇ ಸ್ವರದಲ್ಲಿ "ತ-ತಾಂ-ತ-ತಾಂ" ಎಂದೆ. ಬಂದ ಹಾಡುಗಳಿಗೆ ಒಂದಕ್ಕೊಂದು ನೆಂಟಸ್ತಿಕೆಯೇ ಇರಲಿಲ್ಲ, ಎಲ್ಲದರ ಮುಂದೂ ಕಡಿಮೆ ಹೊಂದಾಣಿಕೆಯ ಶೇಕಡಾವಾರು. ಈ ವಿಧಾನ ಎಡವುತ್ತಿದೆ ಎಂದು ತಿಳಿಯುವುದೂ ಹಾಗೆಯೇ. ಮತ್ತೆ ಗುನುಗಿದಾಗ ಅದೇ ಹಾಡು ಮೇಲೆ ಬಂದರೆ ಶೇಕಡಾವಾರು ಕಡಿಮೆಯಿದ್ದರೂ ತೆರೆದು ಕೇಳಬೇಕು. ಪ್ರತಿ ಸಲವೂ ಪಟ್ಟಿಯೇ ಬದಲಾದರೆ ಅದಕ್ಕೆ ಹಿಡಿಯಲು ಏನೂ ಸಿಕ್ಕಿಲ್ಲ ಎಂದರ್ಥ. ಆಮೇಲೂ ಗಂಟಲು ನೋಯಿಸಿಕೊಳ್ಳುವುದು ದಂಡ.

ತಾಳವೊಂದೇ ಇದೆಯಲ್ಲ, ಅದನ್ನೇ ಕುಟ್ಟಿ ಹುಡುಕಿದರಾಯಿತು ಅನ್ನಿಸುವುದು ಸಹಜ. ಮ್ಯೂಸಿಪೀಡಿಯ ಎಂಬ ತಾಣ ಇದಕ್ಕೆಂದೇ ಅವಕಾಶ ಕೊಟ್ಟಿದೆ: ಕೀಬೋರ್ಡ್ ಕೀಲಿಯನ್ನು ಲಯಕ್ಕೆ ತಕ್ಕಂತೆ ಒತ್ತಿದರೆ, ಅದೇ ಲಯದ ರಾಗಗಳನ್ನು ಪಟ್ಟಿ ಮಾಡುತ್ತದೆ. ಆಟವಾಗಿ ನನಗೆ ಇದು ಎಲ್ಲಕ್ಕಿಂತ ಇಷ್ಟವಾಯಿತು. ಹುಡುಕಾಟವಾಗಿ ಮಾತ್ರ ನಿರಾಸೆ, ಅದರಲ್ಲಿ ತಾಣದ ತಪ್ಪೇನೂ ಇಲ್ಲ. ತಿಶ್ರ ನಡೆಯಲ್ಲಿ ಗಿಡ್ಡ-ಉದ್ದ ಗಿಡ್ಡ-ಉದ್ದ ಎಂದು ಸಾಗುವ ಹಾಡು ಯಾವ ಭಾಷೆಯಲ್ಲಿಲ್ಲ ಹೇಳಿ! ನೂರಾರು ಹಾಡುಗಳು ಹಂಚಿಕೊಂಡ ಲಕ್ಷಣದಿಂದ ಒಂದನ್ನು ಹೆಕ್ಕಿ ತೆಗೆಯಲಾಗದು. ಅಲ್ಲಿನ ಸಂಗ್ರಹದಲ್ಲಿ ಶಾಸ್ತ್ರೀಯ ಕೃತಿಗಳದ್ದೂ ಜನಪದ ಧಾಟಿಗಳದ್ದೂ ಮೇಲುಗೈ ಎಂಬುದೂ ಗಮನದಲ್ಲಿರಲಿ. ಹೊಸ ಸಿನಿಮಾ ಹಾಡಿಗೆ ಅಲ್ಲಿ ಹೋಗಿ ಫಲವಿಲ್ಲ.

ಅದೇ ತಾಣದ ಇನ್ನೊಂದು ಉಪಾಯ, ರಾಗ ಅರೆಬರೆ ನೆನಪಿರುವವರಿಗೆ ತುಂಬ ಚೆನ್ನಾಗಿದೆ. ಡೆನಿಸ್ ಪಾರ್ಸನ್ಸ್ ಎಂಬಾತ 1975ರ ತನ್ನ ಪುಸ್ತಕದಲ್ಲಿ ಬಳಸಿದ ಸಂಕೇತ ಅದು. ಮೊದಲ ಸ್ವರಕ್ಕೆ ಒಂದು ನಕ್ಷತ್ರ, ಆಮೇಲೆ ಸ್ವರ ಏರಿದರೆ U, ಇಳಿದರೆ D, ಅಲ್ಲೇ ನಿಂತರೆ R. ಎಷ್ಟು ಏರಿತು ಎಂಬ ಲೆಕ್ಕ ಬೇಕಿಲ್ಲ. "ಟ್ವಿಂಕಲ್ ಟ್ವಿಂಕಲ್" ಶಿಶುಗೀತೆಯ ಮೊದಲೆರಡು ಸಾಲು ಬರೆದರೆ ಹೀಗಾಗುತ್ತದೆ:

```
*RURURDDRDRDRD
```

ನನ್ನ ಹಾಡಿನ ಏರಿಳಿತವೇ ಮಸುಕಾಗಿದ್ದರಿಂದ ಇದೂ ಕೈಗೆ ಬರಲಿಲ್ಲ.

ಉಳಿದದ್ದು ಪದ. ನನ್ನ ಮಟ್ಟಿಗೆ ಗೆದ್ದದ್ದೂ ಅದೇ. ಆದರೆ ಪದವನ್ನು ಸುಮ್ಮನೆ ಟೈಪ್ ಮಾಡಿದರೆ ಸಾಲದು. ಮೊದಲು `pinikula lyrics` ಎಂದು ಹಾಕಿದೆ. ಹುಡುಕುಯಂತ್ರ ಅದನ್ನು ಕಾಗುಣಿತದ ತಪ್ಪು ಎಂದುಕೊಂಡು `pelikula` ಕಡೆ ಎಳೆದುಕೊಂಡು ಹೋಯಿತು. ಅದು ಫಿಲಿಪ್ಪೀನ್ಸ್‌ನಲ್ಲಿ ಸಿನಿಮಾಕ್ಕೆ ಹೇಳುವ ಮಾತು, ಆ ಪದವಿರುವ ಹಾಡುಗಳಿಗೂ ಕೊರತೆಯಿಲ್ಲ. ತೆರೆದು ಕೇಳಿದರೆ ನಡೆ ಬೇರೆ. ಇಂಥ ಕಡೆ ಪದವನ್ನು ಉದ್ಧರಣ ಚಿಹ್ನೆಯೊಳಗೆ, `"pinikula"` ಎಂದು ಹಾಕಬೇಕು. ಆಗ ಯಂತ್ರದ ಜಾಣತನಕ್ಕೆ ಸ್ವಲ್ಪ ಕಡಿವಾಣ ಬೀಳುತ್ತದೆ.

ಮುಂದಿನದು ಅಕ್ಷರ ಬದಲಿಸುವ ಕೆಲಸ, ಅದಕ್ಕೊಂದು ಕ್ರಮ ಬೇಕು. ಅಪರಿಚಿತ ಭಾಷೆಯ ಪದವನ್ನು ಕಿವಿ ತನಗೆ ರೂಢಿಯಿರುವ ಸದ್ದಿಗೆ ಇಳಿಸಿಕೊಂಡಿರುತ್ತದೆ. ನಮ್ಮ ಕಿವಿಯಲ್ಲಿ ಫ ಹೋಗಿ ಪ ಆಗುವುದು ಮಾಮೂಲು. ಹಾಗಾಗಿ ಮೊದಲು ಪ ಜಾಗಕ್ಕೆ `f`, ಆಮೇಲೆ ಕ ಜಾಗಕ್ಕೆ `c`, ಕೊನೆಗೆ ಸ್ವರಗಳು. ವ್ಯಂಜನಗಳ ಸಾಲು ಸಾಮಾನ್ಯವಾಗಿ ಸರಿಯಾಗಿಯೇ ನೆನಪಿರುತ್ತದೆ, ನಡುವಿನ ಇ, ಉ, ಎಗಳೇ ಅದಲುಬದಲಾಗುವುದು. `finicula` ಎಂದಾಗ ಯಂತ್ರವೇ `funiculi funicula` ಎಂದು ತಿದ್ದಿಕೊಟ್ಟಿತು. ಮೊದಲು ದಾರಿ ತಪ್ಪಿಸಿದ ಅದೇ ತಿದ್ದುಪಡಿ ಈಗ ಉಪಕಾರಕ್ಕೆ ಬಂತು: ಗುರಿಗೆ ಒಂದಕ್ಷರ ದೂರದಲ್ಲಿದ್ದಾಗ ಅದನ್ನು ನಂಬಬಹುದು, ಮೂರಕ್ಷರ ದೂರದಲ್ಲಿದ್ದಾಗ ನಂಬಬಾರದು.

ಇಷ್ಟಾದ ಮೇಲೆ ತಾಳದ ಸರದಿ. ಹಾಡು ಹಾಕಿಕೊಂಡು ಮೇಜಿನ ಮೇಲೆ ನನ್ನ "ತ-ತಾಂ-ತ-ತಾಂ" ಕುಟ್ಟಿದೆ. ಫು-ನಿ-ಕು-ಲಿ, ಫು-ನಿ-ಕು-ಲಾ: ನಾಲ್ಕು ಅಕ್ಷರಕ್ಕೆ ನಾಲ್ಕು ಪೆಟ್ಟು, ಒತ್ತು ಬೀಳುವ ಜಾಗವೂ ಅದೇ. ತಪ್ಪು ಹಾಡಾಗಿದ್ದರೆ ಎರಡನೇ ಸುತ್ತಿನೊಳಗೆ ಪೆಟ್ಟು ಜಾರುತ್ತದೆ, `pelikula` ಹಾಡುಗಳಲ್ಲಿ ಆದದ್ದು ಅದೇ. ಹಾಡು ತಂದುಕೊಡುವ ಶಕ್ತಿ ತಾಳಕ್ಕಿಲ್ಲ, ಬಂದ ಹಾಡು ಅದೇ ಹೌದೋ ಅಲ್ಲವೋ ಎಂದು ಹೇಳುವುದರಲ್ಲಿ ಮಾತ್ರ ಅದು ಗಟ್ಟಿ. ಇದಕ್ಕಾಗಿ ಹುಡುಕುವ ಮೊದಲೇ ನಡೆಯನ್ನು ಫೋನಿನಲ್ಲಿ ರೆಕಾರ್ಡ್ ಮಾಡಿಟ್ಟುಕೊಳ್ಳಿ. ಹತ್ತಾರು ಬೇರೆ ಹಾಡು ಕೇಳಿದ ಮೇಲೆ ತಲೆಯಲ್ಲಿದ್ದ ನಡೆ ಕಲಬೆರಕೆಯಾಗಿಬಿಡುತ್ತದೆ.

ಸಿಕ್ಕ ಹಾಡು 1880ರದ್ದು. ಇಟಲಿಯ ವೆಸೂವಿಯಸ್ ಬೆಟ್ಟಕ್ಕೆ ಹಗ್ಗದಿಂದ ಎಳೆಯುವ ರೈಲು ಬಂದ ಸಂಭ್ರಮಕ್ಕೆ ಪೆಪ್ಪಿನೋ ತುರ್ಕೊ ಬರೆದು ಲುಯಿಜಿ ಡೆಂಜಾ ರಾಗ ಹಾಕಿದ ನೇಪಲ್ಸ್ ಭಾಷೆಯ ಹಾಡು. ಇದರ ರಾಗ ಊರೂರು ಸುತ್ತಿದೆ. ಜರ್ಮನಿಯ ರಿಚರ್ಡ್ ಸ್ಟ್ರಾಸ್ ಇದನ್ನು ಜನಪದ ಧಾಟಿ ಎಂದೇ ತಿಳಿದು ತನ್ನ 1886ರ ಕೃತಿಯಲ್ಲಿ ಬಳಸಿಕೊಂಡ. ಜಪಾನಿನ ಮಕ್ಕಳು ಇದೇ ರಾಗಕ್ಕೆ ರಾಕ್ಷಸನ ಚಡ್ಡಿಯ ಮೇಲಿನ ಹಾಡು ಹೇಳುತ್ತಾರೆ! ಅಂದರೆ ಗುನುಗಾಟ ಫಲಿಸಿದ್ದರೂ ಚಡ್ಡಿಯ ಹಾಡೇ ಎದುರಾಗಬಹುದಿತ್ತು. ಪದ ಹಿಡಿದು ಬಂದವರಿಗೆ ಆ ಗೊಂದಲ ಕಡಿಮೆ.

ಪದದ ದಾರಿಗೂ ಮಿತಿಯಿದೆ. ನೆನಪಿರುವುದು "ಲಾಲಾಲಾ" ಅಥವಾ "ಹೇ ಬೇಬಿ" ಥರದ್ದಾದರೆ ಅದು ತಾಳದಷ್ಟೇ ಸಾಮಾನ್ಯ, ಏನನ್ನೂ ಸೋಸದು. ಸಾಹಿತ್ಯವನ್ನು ಯಾರೂ ಬರೆದು ಹಾಕದ ಹಾಡಾದರೂ ಅಷ್ಟೇ. ಆಗ ಮನುಷ್ಯರನ್ನೇ ಕೇಳಬೇಕು, ಕೇಳುವಾಗ ಪದವನ್ನು ಬರೆದು ಸುಮ್ಮನಾಗದೆ ಆ ನಡೆಯಲ್ಲೇ ಪದ ಕೂರಿಸಿ ಹಾಡಿದ ರೆಕಾರ್ಡಿಂಗ್ ಕೊಡಿ. ಯಂತ್ರಕ್ಕೆ ಎರಡನ್ನೂ ಒಟ್ಟಿಗೆ ಕೊಡುವ ದಾರಿ ನನಗಂತೂ ಸಿಕ್ಕಿಲ್ಲ. ಆ ಹಾಡು ಮೊದಲೇ ಕೇಳಿರುವವರಿಗೆ ಐದು ಸೆಕೆಂಡ್ ಸಾಕು.